ಹರ್ಷನ ಹರ್ಷ ಕರಗಿದ್ದು: ಎರಡು ಚೀಟಿಯ ಇತಿಹಾಸ ಪಾಠ

‘ಇಮ್ಮಡಿ ಪುಲಕೇಶಿ ನರ್ಮದಾ ತೀರದಲ್ಲಿ ಹರ್ಷವರ್ಧನನನ್ನು ಸೋಲಿಸಿದ.’ ಪ್ರೌಢಶಾಲೆಯ ಮಕ್ಕಳಿಗೆ ಈ ವಾಕ್ಯ ಬಾಯಿಪಾಠ. ಇದು ನಮಗೆ ಗೊತ್ತಾದದ್ದು ಹೇಗೆ ಎಂಬುದನ್ನೇ ಒಂದು ಪೀರಿಯಡ್ಡಿನ ಪಾಠ ಮಾಡಬಹುದು. ಅದಕ್ಕೆ ಬೇಕಾದದ್ದು ಎರಡು ಚೀಟಿ, ಎರಡರಲ್ಲೂ ನಾಲ್ಕೇ ಸಾಲಿನ ಸರಳ ಕನ್ನಡ.

ಮೊದಲನೆಯದು ಐಹೊಳೆಯ ಮೇಗುತಿ ಬಸದಿಯ ಶಾಸನದ ಸಾರ: ಸಾಮಂತರೆಲ್ಲ ಕಾಲಿಗೆರಗುತ್ತಿದ್ದ ಹರ್ಷ, ಯುದ್ಧದಲ್ಲಿ ತನ್ನ ಆನೆಗಳು ಬಿದ್ದದ್ದನ್ನು ಕಂಡು ಹೆದರಿ ಹರ್ಷವನ್ನೇ ಕಳೆದುಕೊಂಡ. ಎರಡನೆಯದು ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಬರೆದದ್ದರ ಸಾರ: ಶೀಲಾದಿತ್ಯ, ಅಂದರೆ ಹರ್ಷ, ಪೂರ್ವ ಪಶ್ಚಿಮಗಳನ್ನು ಗೆದ್ದರೂ ಪುಲಕೇಶಿಯ ನಾಡಿನವರು ಮಾತ್ರ ಮಣಿಯಲಿಲ್ಲ, ತಾನೇ ಸೇನೆಯ ಮುಂದೆ ನಿಂತರೂ ಅವನಿಗೆ ಗೆಲ್ಲಲಾಗಲಿಲ್ಲ.

ಚೀಟಿಗಳ ಮೇಲೆ ಬರೆದವರ ಹೆಸರು ಇರಬಾರದು. ಮೊದಲ ಹತ್ತು ನಿಮಿಷ ಎರಡರಲ್ಲೂ ಇರುವ ಮಾತಿಗೆ ಮಕ್ಕಳು ಗೆರೆ ಎಳೆಯಲಿ. ಹರ್ಷನಿಗೆ ಗೆಲುವು ಸಿಗಲಿಲ್ಲ ಎಂಬುದಷ್ಟೇ ಉಳಿಯುತ್ತದೆ. ಆನೆ, ಭಯ ಇವೆಲ್ಲ ಒಂದೇ ಚೀಟಿಯವು.

ಆಮೇಲೆ ಹೆಸರು ಹೇಳಿ. ಶಾಸನ ಬರೆದ ರವಿಕೀರ್ತಿ ಪುಲಕೇಶಿಯ ಆಶ್ರಯದಲ್ಲಿದ್ದ ಕವಿ. ಇಲ್ಲೇ ತರಗತಿ ಜಾರುವುದು. ‘ಹಾಗಾದ್ರೆ ಅದು ಸುಳ್ಳು ಸಾರ್, ಚೀನಾದವನು ಹೊರಗಿನವನು, ಅವನದ್ದು ನಿಜ’ ಎಂಬ ಉತ್ತರ ಬಂದೇ ಬರುತ್ತದೆ. ತಿದ್ದಲು ಹೋಗದೆ ಇನ್ನೊಂದು ವಿವರ ಕೊಡಿ: ಹ್ಯೂಯೆನ್ ತ್ಸಾಂಗ್‌ನನ್ನು ಸನ್ಮಾನಿಸಿದವನು ಹರ್ಷನೇ. ಅಂದರೆ ಅವನೂ ತಟಸ್ಥನಲ್ಲ. ಆದರೆ ತನ್ನನ್ನು ಆದರಿಸಿದ ರಾಜನಿಗೆ ಗೆಲ್ಲಲಾಗಲಿಲ್ಲ ಎಂದು ಬರೆದಿದ್ದಾನಲ್ಲ, ಆ ಮಾತಿನ ತೂಕ ಅದಕ್ಕೇ ಹೆಚ್ಚು. ಹೊಗಳುಭಟ್ಟನ ಮಾತೂ ಪೂರ್ತಿ ಕಸವಲ್ಲ. ಚಾಲುಕ್ಯರು ಈ ಗೆಲುವನ್ನು ಹೇಗೆ ನೆನೆಯಬಯಸಿದರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಆಕರವಿಲ್ಲ. ‘ಹರ್ಷ’ದ ಶ್ಲೇಷೆಯಂತೂ ಮಕ್ಕಳಿಗೆ ತಕ್ಷಣ ಹಿಡಿಸುತ್ತದೆ.

ಕೊನೆಗೆ ಆ ಬಾಯಿಪಾಠದ ವಾಕ್ಯಕ್ಕೆ ಮರಳಿ, ‘ನರ್ಮದಾ ತೀರದಲ್ಲಿ’ ಎಂಬುದು ಯಾವ ಚೀಟಿಯಲ್ಲಿದೆ ಎಂದು ಕೇಳಿ. ಎರಡರಲ್ಲೂ ಇಲ್ಲ. ಶಾಸನದಲ್ಲಿ ಹರ್ಷನ ಪದ್ಯದ ನಂತರದ ಪದ್ಯ ರೇವಾ ನದಿಯನ್ನೂ ವಿಂಧ್ಯವನ್ನೂ ವರ್ಣಿಸುತ್ತದೆ. ರೇವಾ ಅಂದರೆ ನರ್ಮದೆ. ಅಕ್ಕಪಕ್ಕದ ಪದ್ಯಗಳನ್ನು ಕೂಡಿಸಿ ಓದಿದಾಗ ಹುಟ್ಟುವ ಊಹೆ ಇದು. ಒಳ್ಳೆಯ ಊಹೆಯೇ, ಆದರೆ ಊಹೆ.

ಇಸವಿಯೂ ಹಾಗೆಯೇ. ಶಾಸನ ಕೊಡುವ ಶಕವರ್ಷ 556ಕ್ಕೆ 78 ಕೂಡಿಸಿದರೆ ಕ್ರಿ.ಶ. 634. ಅದನ್ನೇ ಯುದ್ಧದ ವರ್ಷ ಎಂದು ಬರೆಯುವವರು ಬಹಳ. ಅದು ಶಾಸನದ ಕಾಲ. ಯುದ್ಧ ಅದಕ್ಕೂ ಮುಂಚಿನದು ಎಂದಷ್ಟೇ ಇದರಿಂದ ಹೇಳಬಹುದು. ಉತ್ತರಪತ್ರಿಕೆಯಲ್ಲಿ ‘634ಕ್ಕೂ ಮೊದಲು, ಯಾಕೆಂದರೆ…’ ಎಂದು ಬರೆದ ಮಗುವಿಗೆ ಪೂರ್ತಿ ಅಂಕ ಕೊಡಿ. ‘ಯಾಕೆಂದರೆ’ ಇಲ್ಲದ ಉತ್ತರಕ್ಕೆ ಅರ್ಧ.