ನಗಿಸುವ ಎಂಬರಾಸಾದಾ, ನಗಿಸದ ಇಂತೋಕ್ಸಿಕಾದೊ

ಇಂಗ್ಲಿಷ್ ಬಲ್ಲವರು ಸ್ಪ್ಯಾನಿಷ್ ಕಲಿಯುವಾಗ ಮಾಡುವ ಒಂದು ತಪ್ಪು ಬಹಳ ಪ್ರಸಿದ್ಧ. ಮೇಷ್ಟರು ಮೊದಲೇ ಎಚ್ಚರಿಸಿದ್ದರೂ ಅದು ಬಾಯಿಂದ ಜಾರಿಬಿಡುತ್ತದೆ. ಮಾತಿನ ನಡುವೆ ಯಾವುದೋ ಕ್ರಿಯಾಪದ ಎಡವಟ್ಟಾಗುತ್ತದೆ, ಕಲಿಯುವವಳ ಮುಖ ಕೆಂಪಾಗುತ್ತದೆ. ‘ನನಗೆ ಮುಜುಗರವಾಗುತ್ತಿದೆ’ ಎಂದು ಹೇಳಲು ಹೊರಟ ಅವಳು ‘ಎಸ್ತೊಯ್ ಎಂಬರಾಸಾದಾ’ ಎನ್ನುತ್ತಾಳೆ. ಕೇಳಿದವರಿಗೆ ಅದರ ಅರ್ಥ: ‘ನಾನು ಗರ್ಭಿಣಿ.’ ಗಂಡಸಾದರೆ ವ್ಯಾಕರಣಕ್ಕೆ ತಕ್ಕಂತೆ ‘ಎಂಬರಾಸಾದೊ’ ಎನ್ನುತ್ತಾನೆ, ಆಗ ನಗು ಇನ್ನೂ ಜೋರು.

ಆಕೆ ಪದವನ್ನು ಗಾಳಿಯಲ್ಲಿ ಹುಟ್ಟಿಸಲಿಲ್ಲ ಎಂಬುದನ್ನು ಗಮನಿಸಬೇಕು. ಇಂಗ್ಲಿಷಿನ ಕಾಂಪ್ಲಿಕೇಟೆಡ್ ಸ್ಪ್ಯಾನಿಷಿನಲ್ಲಿ ಕೊಂಪ್ಲಿಕಾದಾ ಆಗುತ್ತದೆ, ಡೆಕೊರೇಟೆಡ್ ದೆಕೊರಾದಾ ಆಗುತ್ತದೆ. ಎರಡೂ ಭಾಷೆಗಳು ಲ್ಯಾಟಿನ್‌ನಿಂದ ಸಾವಿರಾರು ಪದಗಳನ್ನು ಪಡೆದಿರುವುದರಿಂದ ಈ ಸೂತ್ರ ಬಹುಪಾಲು ಕೈಕೊಡುವುದಿಲ್ಲ. ಎಂಬರಾಸ್ಡ್ ಪದಕ್ಕೂ ಅವಳು ಅದನ್ನೇ ಅನ್ವಯಿಸಿದಳು, ಅಷ್ಟೆ. ಹೀಗೆ ಹೋಲುತ್ತಲೇ ದಾರಿ ತಪ್ಪಿಸುವ ಪದಗಳಿಗೆ ‘ಸುಳ್ಳು ಗೆಳೆಯರು’ ಎಂಬ ಹೆಸರು ಬಂದದ್ದು 1928ರಲ್ಲಿ. ಫ್ರೆಂಚ್ ಮತ್ತು ಇಂಗ್ಲಿಷ್ ಪದಗಳ ಬಗ್ಗೆ ಇಬ್ಬರು ಫ್ರೆಂಚ್ ವಿದ್ವಾಂಸರು ಬರೆದ ಪುಸ್ತಕ ಆ ಹೆಸರನ್ನು ಬಳಕೆಗೆ ತಂದಿತು.

ಆದರೆ ಎಂಬರಾಸಾದಾ ಪೂರಾ ಸುಳ್ಳು ಗೆಳತಿಯಲ್ಲ, ದೂರವಾದ ರಕ್ತಸಂಬಂಧಿ. ಪೋರ್ಚುಗಲ್ ಮತ್ತು ಪಶ್ಚಿಮ ಸ್ಪೇನಿನ ಮಾತುಗಳಲ್ಲಿ ‘ಬರಾಸೊ’ ಎಂದರೆ ಹಗ್ಗ, ಕುಣಿಕೆ. ಅದರಿಂದಲೇ ‘ಹಗ್ಗ ಹಾಕಿ ತಡೆ’, ‘ಅಡ್ಡಿಪಡಿಸು’ ಎಂಬರ್ಥದ ಎಂಬರಾಸಾರ್ ಬಂದಿರಬೇಕೆಂಬುದು ಹೆಚ್ಚಿನ ನಿರುಕ್ತಕಾರರು ಒಪ್ಪುವ ವಿವರಣೆ. ಈ ಕ್ರಿಯಾಪದ ಸ್ಪ್ಯಾನಿಷಿನಿಂದ ಫ್ರೆಂಚಿಗೆ ಹೋಯಿತು, ಅಲ್ಲಿಂದ ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಿತು. ಇಂಗ್ಲಿಷಿನಲ್ಲೂ ಅದರ ಮೊದಲ ಅರ್ಥ ಅಡ್ಡಿ, ತೊಡಕು ಎಂದೇ. ನಾಚಿಕೆ, ಮುಜುಗರಗಳು ಅದಕ್ಕೆ ಅಂಟಿಕೊಂಡದ್ದು ಆಮೇಲೆ. ಅತ್ತ ಸ್ಪ್ಯಾನಿಷಿನಲ್ಲಿ ಅದೇ ‘ತೊಡಕು’ ಬಸಿರನ್ನು ಮರೆಮಾಚಿ ಹೇಳುವ ಮಾತಾಯಿತು. ಲ್ಯಾಟಿನ್ ಮೂಲದ ‘ಪ್ರೆಞಾದಾ’ ಎಂಬ ಹಳೆಯ ಪದ ಇಂದು ಹೆಚ್ಚಾಗಿ ಪ್ರಾಣಿಗಳಿಗೆ ಉಳಿದಿದೆ. ನಾವು ಗಬ್ಬವನ್ನು ಹಸುವಿಗೆ ಬಿಟ್ಟು ಮನುಷ್ಯರಿಗೆ ಬಸಿರನ್ನು ಇಟ್ಟುಕೊಂಡ ಹಾಗೆ. ತಮಾಷೆಯೆಂದರೆ ‘ಎಂಬರಾಸೋಸೊ’ ಎಂಬ ಸ್ಪ್ಯಾನಿಷ್ ವಿಶೇಷಣಕ್ಕೆ ಇಂದಿಗೂ ‘ಮುಜುಗರದ’ ಎಂಬ ಅರ್ಥವೇ ಇದೆ. ಸನ್ನಿವೇಶ ಎಂಬರಾಸೋಸೊ ಆಗಬಹುದು, ಅದರಲ್ಲಿ ಸಿಕ್ಕಿಕೊಂಡವಳು ಮಾತ್ರ ಎಂಬರಾಸಾದಾ ಆಗಬಾರದು.

ಪೆನ್ನಿನ ಕಂಪನಿಯೊಂದು ಮೆಕ್ಸಿಕೊದಲ್ಲಿ ‘ನಮ್ಮ ಪೆನ್ನು ಜೇಬಿನಲ್ಲಿ ಸೋರಿ ನಿಮ್ಮನ್ನು ಗರ್ಭಿಣಿ ಮಾಡುವುದಿಲ್ಲ’ ಎಂದು ಜಾಹೀರಾತು ಹಾಕಿತ್ತೆಂಬ ಕಥೆ ವ್ಯಾಪಾರದ ಪುಸ್ತಕಗಳಲ್ಲಿ ಓಡಾಡುತ್ತಿರುತ್ತದೆ. ನಾನು ಅದನ್ನು ನಂಬಲಾರೆ. ಅದರ ಜೊತೆಗೇ ಹೇಳಲಾಗುವ ಷೆವ್ರೊಲೆ ನೋವಾ ಕಾರಿನ ಕಥೆಯಂತೂ ಕಟ್ಟುಕಥೆ. ‘ನೊ ವಾ’ ಎಂದರೆ ‘ಓಡುವುದಿಲ್ಲ’ ಎಂದಾಗುವುದರಿಂದ ಆ ಕಾರನ್ನು ಯಾರೂ ಕೊಳ್ಳಲಿಲ್ಲವಂತೆ. ಕಾರು ಮಾರಾಟವಾಗಿತ್ತು, ಮೆಕ್ಸಿಕೊದ ಸರ್ಕಾರಿ ತೈಲ ಕಂಪನಿಯೇ ನೋವಾ ಹೆಸರಿನಲ್ಲಿ ಪೆಟ್ರೋಲ್ ಮಾರುತ್ತಿತ್ತು.

ಈ ನಗೆಯ ಕಥೆಗಳಲ್ಲಿ ಒಂದು ಸಮಾನ ಅಂಶವಿದೆ. ತಪ್ಪು ಅರ್ಥ ಸಂದರ್ಭಕ್ಕೆ ಒಂದಿಷ್ಟೂ ಹೊಂದುವುದಿಲ್ಲ, ಆದ್ದರಿಂದ ಕೇಳಿದವರು ಕೂಡಲೇ ಹಿಡಿಯುತ್ತಾರೆ. ಮೀಸೆ ಹೊತ್ತವನು ತಾನು ಗರ್ಭಿಣಿ ಎಂದರೆ ನಂಬುವವರು ಯಾರು? ಎರಡು ಅರ್ಥಗಳೂ ಸಂದರ್ಭಕ್ಕೆ ಒಪ್ಪುವಂತಿದ್ದರೆ ಮಾತ್ರ ತಪ್ಪು ಅಡಗಿ ಕೂರುತ್ತದೆ.

1980ರ ಜನವರಿ, ಅಮೆರಿಕದ ಫ್ಲಾರಿಡಾ. ಕ್ಯೂಬಾ ಮೂಲದ ಕುಟುಂಬದ ಹದಿನೆಂಟರ ಹುಡುಗ, ಬೇಸ್‌ಬಾಲ್ ಆಟಗಾರ. ತಲೆನೋವು ಶುರುವಾಗಿ ಸ್ವಲ್ಪ ಹೊತ್ತಿನಲ್ಲೇ ಪ್ರಜ್ಞೆ ತಪ್ಪಿತು. ತಿಂದಿದ್ದ ಹ್ಯಾಂಬರ್ಗರ್ ಕೆಟ್ಟಿತ್ತೆಂದು ಮನೆಯವರ ಅನುಮಾನ. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಅವರು ಹೇಳಿದ ಪದ ‘ಇಂತೋಕ್ಸಿಕಾದೊ’. ಕ್ಯೂಬಾದವರ ಮಾತಿನಲ್ಲಿ ಅದಕ್ಕೆ ತಿಂದದ್ದು ಕುಡಿದದ್ದು ಮೈಗೆ ಒಗ್ಗದೆ ಹದಗೆಟ್ಟವನು ಎಂಬ ವಿಶಾಲ ಅರ್ಥ. ವೈದ್ಯರ ಕಿವಿಗೆ ಬಿದ್ದದ್ದು ಇಂಗ್ಲಿಷಿನ ಇಂಟಾಕ್ಸಿಕೇಟೆಡ್, ಅಂದರೆ ಅಮಲಿನಲ್ಲಿರುವವನು. ಎದುರಿಗೆ ಪ್ರಜ್ಞೆಯಿಲ್ಲದ ಹದಿಹರೆಯದ ಹುಡುಗ. ಮಾದಕವಸ್ತುವಿನ ಅತಿಸೇವನೆ ಎಂಬ ಊಹೆ ಆ ದೃಶ್ಯಕ್ಕೆ ಚೆನ್ನಾಗಿಯೇ ಕೂರುತ್ತಿತ್ತು. ಯಾರೂ ನಗಲಿಲ್ಲ, ಯಾರೂ ಮರುಪ್ರಶ್ನೆ ಹಾಕಲಿಲ್ಲ. ದುಭಾಷಿಯನ್ನೂ ಕರೆಸಲಿಲ್ಲ.

ಅತಿಸೇವನೆಗೆ ಚಿಕಿತ್ಸೆ ಕೊಡುತ್ತಲೇ ಸುಮಾರು ಎರಡು ದಿನ ಕಳೆಯಿತು. ಆಮೇಲೆ ನರಮಂಡಲಕ್ಕೆ ಪೆಟ್ಟಾದ ಲಕ್ಷಣಗಳು ಕಂಡು ಪರೀಕ್ಷೆ ನಡೆಸಿದಾಗ ಮಿದುಳಿನೊಳಗೆ ರಕ್ತಸ್ರಾವವಾಗಿರುವುದು ತಿಳಿಯಿತು. ಅಷ್ಟರಲ್ಲಿ ಹಾನಿ ಆಗಿಹೋಗಿತ್ತು. ಹುಡುಗನ ಎರಡೂ ಕೈ, ಎರಡೂ ಕಾಲು ಸ್ವಾಧೀನ ತಪ್ಪಿದವು. ಮೊಕದ್ದಮೆ ಕೊನೆಗೆ ರಾಜಿಯಲ್ಲಿ ಮುಗಿಯಿತು. ಅವನ ಜೀವಮಾನದುದ್ದಕ್ಕೂ ಸಲ್ಲಬೇಕಾದ ಪರಿಹಾರವನ್ನು 7.1 ಕೋಟಿ ಡಾಲರ್ ಎಂದು ಲೆಕ್ಕ ಹಾಕಲಾಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಹುಡುಗನಿಗೆ ಆಹಾರದ ವಿಷವೂ ಏರಿರಲಿಲ್ಲ. ಪದ ಸರಿಯಾಗಿ ಅನುವಾದವಾಗಿದ್ದರೂ ಮನೆಯವರ ಊಹೆ ತಪ್ಪೇ. ಆದರೆ ಆಗ ಮಾದಕವಸ್ತುವಿನ ಉತ್ತರ ಸಿದ್ಧವಾಗಿ ಕೈಗೆ ಸಿಗುತ್ತಿರಲಿಲ್ಲ. ಹಳಸಿದ ಊಟಕ್ಕೆ ಇಷ್ಟು ಬೇಗ ಪ್ರಜ್ಞೆ ಏಕೆ ತಪ್ಪಿತೆಂದು ವೈದ್ಯರು ಕೇಳಿಕೊಳ್ಳಬೇಕಾಗುತ್ತಿತ್ತು. ಪದ ರೋಗವನ್ನು ತಪ್ಪಾಗಿ ಹೆಸರಿಸಿದ್ದಕ್ಕಿಂತ ಹೆಚ್ಚಾಗಿ ಹುಡುಕಾಟವನ್ನು ನಿಲ್ಲಿಸಿತು.

ಈ ಜೋಡಿಯೂ ಸಂಬಂಧಿಗಳೇ. ಗ್ರೀಕರ ‘ತೊಕ್ಸೊನ್’ ಎಂದರೆ ಬಿಲ್ಲು, ‘ತೊಕ್ಸಿಕೊನ್’ ಬಾಣಕ್ಕೆ ಬಳಿಯುವ ನಂಜು. ಅದು ಲ್ಯಾಟಿನ್‌ಗೆ ಬಂದು ‘ವಿಷವಿಕ್ಕು’ ಎಂಬ ಕ್ರಿಯಾಪದವಾಯಿತು. ಇಂಗ್ಲಿಷಿನಲ್ಲೂ ಅದೇ ಅರ್ಥವಿತ್ತು, ಆಮೇಲೆ ಹೆಂಡದ ಕಡೆಗೆ ವಾಲಿ ಅಲ್ಲೇ ನಿಂತಿತು. ಸ್ಪ್ಯಾನಿಷ್ ವಿಷವನ್ನು ಬಿಡಲಿಲ್ಲ.

ಪಟ್ಟಿ ಬಾಯಿಪಾಠ ಮಾಡಿದರೆ ಪಾರಾಗಬಹುದೆ? ಪೂರ್ತಿ ಅಲ್ಲ. ‘ಕೊನ್ಸ್ತಿಪಾದೊ’ ಎಂದರೆ ನೆಗಡಿಯಾದವನು, ಮಲಬದ್ಧತೆಯವನಲ್ಲ ಎಂದು ಎಲ್ಲ ಪಟ್ಟಿಗಳೂ ಹೇಳುತ್ತವೆ. ಸ್ಪೇನಿನಲ್ಲಿ ಅದು ನಿಜ. ಒತ್ತಿ ತುಂಬುವುದು ಎಂಬ ಲ್ಯಾಟಿನ್ ಮೂಲದಿಂದ ಬಂದ ಪದ ಅಲ್ಲಿ ಮೂಗಿಗೆ ಹತ್ತಿತು, ಇಂಗ್ಲಿಷಿನಲ್ಲಿ ಕರುಳಿಗೆ ಇಳಿಯಿತು. ಆದರೆ ಲ್ಯಾಟಿನ್ ಅಮೆರಿಕದ ಹಲವೆಡೆ ಕೊನ್ಸ್ತಿಪಾದೊ ಎಂದರೂ ಮಲಬದ್ಧತೆಯೇ. ಮ್ಯಾಡ್ರಿಡ್‌ನ ಸುಳ್ಳು ಗೆಳೆಯ ಸಾಗರ ದಾಟಿದರೆ ನಿಜವಾದ ಗೆಳೆಯನಾಗಬಲ್ಲ. ಆದ್ದರಿಂದ ಬಲ್ಲ ದುಭಾಷಿಗಳು ಪದವನ್ನು ಬದಿಗಿಟ್ಟು ಲಕ್ಷಣವನ್ನೇ ಕೇಳುತ್ತಾರೆ: ಏನು ತಿಂದ, ಯಾವಾಗ ತಿಂದ, ಮೊದಲು ಎಲ್ಲಿ ನೋವಾಯಿತು?

ಔಷಧದ ಸೀಸೆಯನ್ನು ಹಾಗೆ ಕೇಳಲು ಬರುವುದಿಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದ ಔಷಧ ಅಂಗಡಿಗಳು ಕಂಪ್ಯೂಟರಿನಿಂದ ಸ್ಪ್ಯಾನಿಷಿಗೆ ತಂದ, ಸೀಸೆಗೆ ಅಂಟಿಸುವ ಚೀಟಿಗಳ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಪರೀಕ್ಷಿಸಿದ ಚೀಟಿಗಳಲ್ಲಿ ಅರ್ಧದಷ್ಟು ದೋಷದವು. ಅನುವಾದವಾಗದೆ ಇಂಗ್ಲಿಷಿನಲ್ಲೇ ಉಳಿದ ಮಾತುಗಳಲ್ಲಿ ‘ವನ್ಸ್ ಎ ಡೇ’ ಕೂಡ ಇತ್ತು, ಅಂದರೆ ದಿನಕ್ಕೊಮ್ಮೆ. ಆ ‘ವನ್ಸ್’ ಪದದ ನಾಲ್ಕು ಅಕ್ಷರಗಳನ್ನೇ ಸ್ಪ್ಯಾನಿಷ್ ಓದುಗ ‘ಓನ್ಸೆ’ ಎಂದು ಓದುತ್ತಾನೆ. ಅವನ ಭಾಷೆಯಲ್ಲಿ ಅದು ಹನ್ನೊಂದು. ಬಹುಪಾಲು ಪದಗಳು ಸ್ಪ್ಯಾನಿಷಿನಲ್ಲಿರುವ ಚೀಟಿಯಲ್ಲಿ ಆ ಪದ ಪರಭಾಷೆಯದೆಂದು ಅವನು ಅನುಮಾನಿಸದೇ ಇರಬಹುದು. ಅಲ್ಲಿ ಬೇಕಾಗಿದ್ದದ್ದು ‘ಊನಾ ವೆಸ್ ಆಲ್ ದೀಯಾ’ ಎಂಬ ನಾಲ್ಕು ಸಣ್ಣ ಪದಗಳು.