ಡಿಸಿ ಶಂಟ್ ಮೋಟರ್: ಬ್ಯಾಕ್ ಇಎಂಎಫ್ ಹಿಡಿದುಕೊಂಡು ವೇಗ ನಿಯಂತ್ರಣ ಅರ್ಥಮಾಡಿಕೊಳ್ಳುವುದು

ಫೀಲ್ಡ್ ಕರೆಂಟ್ ಕಡಿಮೆ ಮಾಡಿದರೆ ಡಿಸಿ ಶಂಟ್ ಮೋಟರಿನ ವೇಗ ಏಕೆ ಏರುತ್ತದೆ? ವೈವಾದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಸೂತ್ರದಲ್ಲಿ ಫ್ಲಕ್ಸ್ ಛೇದದಲ್ಲಿದೆ, ಅದಕ್ಕೇ ಎಂದರೆ ಅಂಕ ಸಿಗಬಹುದು. ಆದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ಟಾರ್ಕ್ ಕೂಡ ಫ್ಲಕ್ಸ್ ಮೇಲೇ ನಿಂತಿದೆಯಲ್ಲ, ಫ್ಲಕ್ಸ್ ಇಳಿದರೆ ಟಾರ್ಕೂ ಇಳಿಯಬೇಕು, ಟಾರ್ಕ್ ಇಳಿದ ಮೋಟರ್ ವೇಗ ಹೆಚ್ಚಿಸಿಕೊಳ್ಳುವುದು ಹೇಗೆ? ಹೆಚ್ಚಿನವರು ಇಲ್ಲೇ ತಡವರಿಸುವುದು. ಕಾರವಾರ, ಶಿರಸಿ ಕಡೆ ಐಟಿಐ, ಡಿಪ್ಲೊಮಾ ಓದುತ್ತಿರುವವರಿಗೆ ಪ್ರಾಕ್ಟಿಕಲ್‌ಗೂ ಥಿಯರಿಗೂ ಒಟ್ಟಿಗೆ ಆಗುವಂತೆ ಒಂದೇ ಮೋಟರಿನ ಲೆಕ್ಕ ಹಿಡಿದು ಇದನ್ನು ಬಿಡಿಸೋಣ.

ಮೋಟರ್ 220 ವೋಲ್ಟ್, 5 ಎಚ್‌ಪಿ, 1500 ಆರ್‌ಪಿಎಂ ಎಂದಿಟ್ಟುಕೊಳ್ಳಿ. ಪೂರ್ಣ ಲೋಡಿನಲ್ಲಿ ಆರ್ಮೇಚರ್ ಕರೆಂಟ್ 20 ಆಂಪಿಯರ್, ಆರ್ಮೇಚರ್ ರೆಸಿಸ್ಟೆನ್ಸ್ 1 ಓಮ್, ಫೀಲ್ಡ್ ರೆಸಿಸ್ಟೆನ್ಸ್ 220 ಓಮ್. ಹಾಗಾಗಿ ಫೀಲ್ಡ್ ಕರೆಂಟ್ 1 ಆಂಪಿಯರ್. ಲೋಡ್ ಇಲ್ಲದಾಗ ಆರ್ಮೇಚರ್ ಎಳೆಯುವುದು 1.5 ಆಂಪಿಯರ್. ಬ್ರಷ್‌ನಲ್ಲಿ ಬೀಳುವ ಒಂದೆರಡು ವೋಲ್ಟ್ ಇಲ್ಲಿ ಬಿಟ್ಟಿದ್ದೇವೆ. ನೆನಪಿಡಬೇಕಾದ ಸಂಬಂಧಗಳು ಮೂರೇ:

```
Eb = V − Ia·Ra
Eb = K·Φ·N
T  = K1·Φ·Ia
```

ಆರ್ಮೇಚರ್ ರೆಸಿಸ್ಟೆನ್ಸ್ ಅಳೆಯಲು ಮಲ್ಟಿಮೀಟರ್ ಸಾಲದು. ಅದು ಹರಿಸುವ ಅಲ್ಪ ಕರೆಂಟಿಗೆ ಬ್ರಷ್ ಮತ್ತು ಕಮ್ಯುಟೇಟರ್ ನಡುವಿನ ತೆಳು ಪದರವೇ ದೊಡ್ಡದಾಗಿ ಕಾಣುತ್ತದೆ, ರೀಡಿಂಗ್ ಕುಣಿಯುತ್ತದೆ. ಫೀಲ್ಡ್ ಬಿಚ್ಚಿಟ್ಟು, ಕಡಿಮೆ ವೋಲ್ಟೇಜಿನ ಡಿಸಿಯನ್ನು ರಿಯೋಸ್ಟಾಟ್ ಮೂಲಕ ಕೊಟ್ಟು, 8–10 ಆಂಪಿಯರ್ ಹರಿಸಿ, ಬ್ರಷ್‌ಗಳ ನಡುವಿನ ವೋಲ್ಟೇಜ್ ಓದಿ ಭಾಗಿಸಿ. ಶಾಫ್ಟ್ ಕೈಯಿಂದ ಸ್ವಲ್ಪ ತಿರುಗಿಸಿ ಇನ್ನೆರಡು ಸ್ಥಾನಗಳಲ್ಲೂ ಅಳೆದು ಸರಾಸರಿ ತೆಗೆಯಿರಿ.

ಬ್ಯಾಕ್ ಇಎಂಎಫ್ ಎಲ್ಲಿ ಕಾಣುತ್ತದೆ

ಪೂರ್ಣ ಲೋಡಿನಲ್ಲಿ ರೆಸಿಸ್ಟೆನ್ಸ್‌ನಲ್ಲಿ ಬೀಳುವುದು 20 ವೋಲ್ಟ್. ಸಪ್ಲೈಗೆ ಎದುರಾಗಿ ನಿಂತಿರುವುದು ಉಳಿದ 200 ವೋಲ್ಟ್. ಅದೇ ಬ್ಯಾಕ್ ಇಎಂಎಫ್. ಲೋಡ್ ತೆಗೆದರೆ ಬೀಳುವುದು ಒಂದೂವರೆ ವೋಲ್ಟ್ ಮಾತ್ರ, ಬ್ಯಾಕ್ ಇಎಂಎಫ್ 218.5ಕ್ಕೆ ಏರುತ್ತದೆ. ಫ್ಲಕ್ಸ್ ಬದಲಾಗಿಲ್ಲವಾದ್ದರಿಂದ ವೇಗವೂ ಅದೇ ಅನುಪಾತದಲ್ಲಿ ಏರಿ ಸುಮಾರು 1639 ಆರ್‌ಪಿಎಂ ಆಗುತ್ತದೆ.

ಇದು ಬರೀ ಲೆಕ್ಕದ ವೋಲ್ಟೇಜ್ ಅಲ್ಲ, ಲ್ಯಾಬಿನಲ್ಲಿ ಕಣ್ಣಾರೆ ನೋಡಬಹುದು. ಆರ್ಮೇಚರಿಗೆ ಅಡ್ಡವಾಗಿ ವೋಲ್ಟ್‌ಮೀಟರ್ ಹಾಕಿ, ಲೋಡ್ ಇಲ್ಲದೆ ಓಡುತ್ತಿರುವ ಮೋಟರಿನ ಮೇನ್ ಸ್ವಿಚ್ ತೆಗೆಯಿರಿ. ಸೊನ್ನೆಗೆ ಬೀಳುವ ಬದಲು ಮುಳ್ಳು 220ರಿಂದ ಒಂದೆರಡು ಗೀಟು ಕೆಳಗಿಳಿದು, ಮೋಟರ್ ನಿಧಾನವಾದ ಹಾಗೆ ಮೆಲ್ಲಗೆ ಜಾರುತ್ತದೆ. ಸಪ್ಲೈ ಹೋದ ಮೇಲೂ ತಿರುಗುವ ಆರ್ಮೇಚರೇ ಜನರೇಟರ್ ಆಗಿ ಫೀಲ್ಡಿಗೆ ಕರೆಂಟ್ ಕೊಡುತ್ತಿರುತ್ತದೆ. ಸ್ಟಾರ್ಟರ್‌ನ ಹಿಡಿಕೆ ಸ್ವಿಚ್ ತೆಗೆದ ತಕ್ಷಣ ಬೀಳದೆ, ವೇಗ ಇಳಿದ ಮೇಲೆ ಟಪ್ ಎಂದು ಬೀಳುವುದೂ ಇದೇ ಕಾರಣಕ್ಕೆ.

ನಿಂತ ಮೋಟರಿನಲ್ಲಿ ಬ್ಯಾಕ್ ಇಎಂಎಫ್ ಸೊನ್ನೆ. ನೇರ ಸ್ವಿಚ್ ಹಾಕಿದರೆ 220 ಆಂಪಿಯರ್, ಅಂದರೆ ಪೂರ್ಣ ಲೋಡಿನ ಹನ್ನೊಂದು ಪಟ್ಟು. ಅದನ್ನು 30 ಆಂಪಿಯರ್‌ಗೆ ಕಟ್ಟಿಹಾಕಲು ಒಟ್ಟು 7.3 ಓಮ್ ಬೇಕು, ಅದರಲ್ಲಿ 6.3 ಓಮ್ ಸ್ಟಾರ್ಟರ್ ಕೊಡಬೇಕು. ಸ್ಟಾರ್ಟರ್ ಬಗ್ಗೆ ಇಷ್ಟು ಸಾಕು.

ಇಲ್ಲಿ ಹಿಡಿಯಬೇಕಾದದ್ದು ಇದು: ಮೋಟರಿಗೆ ಯಾರೂ ವೇಗವನ್ನು ನಿಗದಿ ಮಾಡಿ ಕೊಡುವುದಿಲ್ಲ. ಲೋಡಿಗೆ ಬೇಕಾದಷ್ಟೇ ಕರೆಂಟ್ ಒಳಗೆ ಬಿಡುವಂಥ ಬ್ಯಾಕ್ ಇಎಂಎಫ್ ಯಾವ ವೇಗದಲ್ಲಿ ಹುಟ್ಟುತ್ತದೋ ಆ ವೇಗಕ್ಕೆ ಅದು ತಾನಾಗಿ ಹೋಗಿ ನಿಲ್ಲುತ್ತದೆ. ನಿಯಂತ್ರಣದ ವಿಧಾನಗಳೆಲ್ಲ ಈ ನಿಲ್ಲುವ ಜಾಗವನ್ನು ಆಚೀಚೆ ಸರಿಸುವ ದಾರಿಗಳು.

ಫ್ಲಕ್ಸ್ ಇಳಿಸಿದಾಗ ನಡೆಯುವುದು

ಈಗ ಮೊದಲ ಪ್ರಶ್ನೆಗೆ ಬರೋಣ. ಪೂರ್ಣ ಲೋಡಿನಲ್ಲಿ 1500ರಲ್ಲಿ ಓಡುತ್ತಿರುವಾಗ ಫ್ಲಕ್ಸ್ 20 ಶೇಕಡಾ ಇಳಿಯಿತು ಎನ್ನಿ. ಆ ಗಳಿಗೆಯಲ್ಲಿ ವೇಗ ಬದಲಾಗಿಲ್ಲ, ತಿರುಗುವ ರೋಟರಿನ ಭಾರ ಅದನ್ನು ಹಿಡಿದಿಟ್ಟಿದೆ. ಆದ್ದರಿಂದ ಬ್ಯಾಕ್ ಇಎಂಎಫ್ 200ರಿಂದ 160ಕ್ಕೆ ಬೀಳುತ್ತದೆ. ಎದುರಾಳಿ 40 ವೋಲ್ಟ್ ಸೋತ ಕೂಡಲೇ ಆರ್ಮೇಚರ್ ಕರೆಂಟ್ 20ರಿಂದ 60 ಆಂಪಿಯರ್‌ಗೆ ಜಿಗಿಯುತ್ತದೆ. ಫ್ಲಕ್ಸ್ ಇಳಿದದ್ದು 0.8 ಪಟ್ಟಿಗೆ, ಕರೆಂಟ್ ಏರಿದ್ದು 3 ಪಟ್ಟಿಗೆ. ಎರಡನ್ನೂ ಗುಣಿಸಿದರೆ ಟಾರ್ಕ್ 2.4 ಪಟ್ಟು. ಲೋಡ್ ಕೇಳುವುದಕ್ಕಿಂತ ಟಾರ್ಕ್ ಇಷ್ಟು ಹೆಚ್ಚಾದಾಗ ಮೋಟರ್ ವೇಗ ಹಿಡಿಯಲೇಬೇಕು. ವೇಗ ಏರಿದ ಹಾಗೆ ಬ್ಯಾಕ್ ಇಎಂಎಫ್ ಮತ್ತೆ ಬೆಳೆದು ಕರೆಂಟನ್ನು ಕೆಳಗೆ ಒತ್ತುತ್ತದೆ. ಲೋಡಿನ ಟಾರ್ಕ್ ಮೊದಲಿನಷ್ಟೇ ಇದ್ದರೆ ಕರೆಂಟ್ 25 ಆಂಪಿಯರ್‌ನಲ್ಲಿ, ಬ್ಯಾಕ್ ಇಎಂಎಫ್ 195 ವೋಲ್ಟ್‌ನಲ್ಲಿ, ವೇಗ ಸುಮಾರು 1828 ಆರ್‌ಪಿಎಂನಲ್ಲಿ ನೆಲೆಯಾಗುತ್ತದೆ.

ನಿಜವಾದ ಮೋಟರಿನಲ್ಲಿ ಕರೆಂಟ್ 60ರ ತನಕ ಹೋಗುವುದಿಲ್ಲ. ಫೀಲ್ಡಿನ ಇಂಡಕ್ಟೆನ್ಸ್‌ನಿಂದಾಗಿ ಫ್ಲಕ್ಸ್ ಒಮ್ಮೆಲೇ ಇಳಿಯದೆ ನಿಧಾನವಾಗಿ ಇಳಿಯುತ್ತದೆ, ಅಷ್ಟರಲ್ಲಿ ವೇಗವೂ ಏರಿರುತ್ತದೆ. ಆದರೂ ರಿಯೋಸ್ಟಾಟ್ ಸರಿಸುವಾಗ ಅಮ್ಮೀಟರ್ ಮುಳ್ಳು ಒಮ್ಮೆ ಮೇಲೆ ಹಾರಿ ಕೆಳಗಿಳಿಯುವುದು ಕಾಣುತ್ತದೆ.

ಕೊನೆಯಲ್ಲಿ ಉಳಿದ 25 ಆಂಪಿಯರನ್ನು ಮರೆಯಬೇಡಿ. ಮೋಟರಿನ ಮಿತಿ 20. ಅಂದರೆ ಫೀಲ್ಡ್ ಕುಗ್ಗಿಸಿ ಓಡಿಸುವಾಗ ಲೋಡಿನ ಟಾರ್ಕನ್ನೂ ಅದೇ 20 ಶೇಕಡಾ ಇಳಿಸಬೇಕು. ಹಾಗೆ ಇಳಿಸಿದರೆ ವೇಗ 1875, ಪವರ್ ಮೊದಲಿನಷ್ಟೇ. ವೇಗ ಸಿಕ್ಕಿತು, ಎಳೆಯುವ ಶಕ್ತಿ ಹೋಯಿತು. ಕೊಂಕಣ ರೈಲು ಮಾರ್ಗದ ವಿದ್ಯುದೀಕರಣ 2022ರಲ್ಲಿ ಪೂರ್ಣಗೊಳ್ಳುವ ಮೊದಲು ಇಲ್ಲಿ ಓಡುತ್ತಿದ್ದ ಡೀಸೆಲ್ ಎಂಜಿನ್‌ಗಳಲ್ಲಿ ಡಬ್ಲ್ಯುಡಿಎಂ-3ಎ ಮಾದರಿಯದ್ದು ಡಿಸಿ ಸೀರೀಸ್ ಮೋಟರ್. ರೈಲು ವೇಗ ಹಿಡಿದ ಮೇಲೆ ಫೀಲ್ಡಿಗೆ ಸಮಾಂತರವಾಗಿ ರೆಸಿಸ್ಟೆನ್ಸ್ ಜೋಡಿಸಿ ಅಲ್ಲಿಯೂ ಇದೇ ಕೆಲಸ ಮಾಡಿಸುತ್ತಿದ್ದರು.

ರಿಯೋಸ್ಟಾಟ್‌ನಲ್ಲಿ 55 ಓಮ್ ಸೇರಿಸಿದರೆ ಫೀಲ್ಡ್ ಕರೆಂಟ್ 0.8 ಆಂಪಿಯರ್ ಆಗುತ್ತದೆ. ಆದರೆ ಫ್ಲಕ್ಸ್ 0.8 ಪಟ್ಟಾಗುತ್ತದೆ ಎಂದು ನಂಬಬೇಡಿ. 1 ಆಂಪಿಯರ್‌ನಲ್ಲಿ ಕಬ್ಬಿಣ ಸ್ವಲ್ಪ ಸ್ಯಾಚುರೇಟ್ ಆಗಿರುತ್ತದೆ, ಆದ್ದರಿಂದ ಫ್ಲಕ್ಸ್ ಕಡಿಮೆ ಇಳಿಯುತ್ತದೆ, ವೇಗವೂ ಲೆಕ್ಕಕ್ಕಿಂತ ಕಡಿಮೆ ಏರುತ್ತದೆ. ಗ್ರಾಫಿನ ಮೊದಲ ಬಿಂದುಗಳು ಹೊಂದದಿದ್ದರೆ ರೀಡಿಂಗ್ ತಿದ್ದಲು ಹೋಗಬೇಡಿ, ಅದು ಹಾಗೆಯೇ ಬರಬೇಕು. ಇನ್ನೊಂದು: ತಾಮ್ರ 40 ಡಿಗ್ರಿ ಬಿಸಿಯಾದರೆ ರೆಸಿಸ್ಟೆನ್ಸ್ ಸುಮಾರು 16 ಶೇಕಡಾ ಏರುತ್ತದೆ. ಮೋಟರ್ ತಣ್ಣಗಿದ್ದಾಗ ತೆಗೆದ ವೇಗ ಒಂದು ಗಂಟೆ ಓಡಿದ ಮೇಲೆ ಹೆಚ್ಚಾಗಿರುತ್ತದೆ. ಅದಕ್ಕೇ ಸ್ವಲ್ಪ ಹೊತ್ತು ಓಡಿಸಿ ಆಮೇಲೆ ರೀಡಿಂಗ್ ಶುರುಮಾಡುವುದು ಒಳ್ಳೆಯದು.

ಫೀಲ್ಡ್ ಕಡಿದುಹೋದರೆ

ಮೇಲಿನ ಕಥೆಯನ್ನೇ ಕೊನೆಯವರೆಗೆ ಎಳೆದು ನೋಡಿ. ಫ್ಲಕ್ಸ್ 20 ಶೇಕಡಾ ಇಳಿಯುವ ಬದಲು ಪೂರ್ತಿ ಹೋಗಿ, ಕಬ್ಬಿಣದಲ್ಲಿ ಉಳಿದ ಅಲ್ಪಸ್ವಲ್ಪ ಅಯಸ್ಕಾಂತತೆ ಮಾತ್ರ ಇದ್ದರೆ? ಬ್ಯಾಕ್ ಇಎಂಎಫ್ ಕುಸಿದು ಕರೆಂಟ್ ನುಗ್ಗುತ್ತದೆ. ಲೋಡ್ ಇದ್ದರೆ ಆ ಅಲ್ಪ ಫ್ಲಕ್ಸ್‌ಗೆ ಸಾಕಷ್ಟು ಟಾರ್ಕ್ ಬಾರದೆ ಮೋಟರ್ ನಿಂತು ಫ್ಯೂಸ್ ಹಾರುತ್ತದೆ. ಲೋಡ್ ಇಲ್ಲದಿದ್ದರೆ ಅಪಾಯ ಹೆಚ್ಚು: 220 ವೋಲ್ಟ್‌ನಷ್ಟು ಬ್ಯಾಕ್ ಇಎಂಎಫ್ ಹುಟ್ಟಿಸಲು ಅದು ವೇಗ ಏರಿಸುತ್ತಲೇ ಹೋಗುತ್ತದೆ, ಫ್ಯೂಸ್ ಹೋಗದಿದ್ದರೆ ವೈಂಡಿಂಗ್ ಸ್ಲಾಟಿನಿಂದ ಕಿತ್ತು ಬರಬಹುದು.

ಕರಾವಳಿಯ ಲ್ಯಾಬ್‌ಗಳಲ್ಲಿ ಇದಕ್ಕೆ ವಿಶೇಷ ಎಚ್ಚರ ಬೇಕು. ಮಳೆಗಾಲದ ತೇವ, ಕಡಲ ಗಾಳಿಯ ಉಪ್ಪು ಸೇರಿ ರಿಯೋಸ್ಟಾಟ್‌ನ ತಂತಿ ಮತ್ತು ಜಾರುಕಡ್ಡಿಯ ಮೇಲೆ ಮಂಕು ಪದರ ಕಟ್ಟುತ್ತದೆ. ಸರಿಸುವಾಗ ಒಂದು ಕಡೆ ಸಂಪರ್ಕ ತಪ್ಪಿದರೂ ಆ ಹೊತ್ತಿಗೆ ಫೀಲ್ಡ್ ತೆರೆದಂತೆಯೇ. ಸಪ್ಲೈ ಕೊಡುವ ಮೊದಲು ಮಲ್ಟಿಮೀಟರ್ ಓಮ್‌ನಲ್ಲಿಟ್ಟು ಜಾರುಕಡ್ಡಿಯನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಎಳೆಯಿರಿ. ರೀಡಿಂಗ್ ಸಮನಾಗಿ ಏರಬೇಕು, ಎಲ್ಲಾದರೂ ಹಾರಿದರೆ ನಯವಾದ ಪಾಲಿಶ್ ಪೇಪರ್‌ನಿಂದ ಒರೆಸಿ ಮತ್ತೆ ನೋಡಿ. ಅದೇ ಸಮಯದಲ್ಲಿ ಯಾವ ತುದಿ ಸೊನ್ನೆ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಸ್ಟಾರ್ಟ್ ಮಾಡುವಾಗ ಫೀಲ್ಡ್ ರಿಯೋಸ್ಟಾಟ್ ಸೊನ್ನೆಯಲ್ಲಿ, ಆರ್ಮೇಚರ್ ರಿಯೋಸ್ಟಾಟ್ ಗರಿಷ್ಠದಲ್ಲಿ ಇರಬೇಕು. ಫೀಲ್ಡ್ ದಾರಿಯಲ್ಲಿ ಫ್ಯೂಸ್ ಹಾಕಲೇಬಾರದು.

ಫೀಲ್ಡ್ ಕುಗ್ಗಿಸಿದ ಕೂಡಲೇ ಮೋಟರ್ ತಾನಾಗಿ ನಿಂತರೆ ಗಾಬರಿ ಬೇಡ. ತ್ರೀ ಪಾಯಿಂಟ್ ಸ್ಟಾರ್ಟರ್‌ನ ನೋ-ವೋಲ್ಟ್ ಕಾಯಿಲ್ ಫೀಲ್ಡಿನ ಜೊತೆ ಸೀರೀಸ್‌ನಲ್ಲಿದೆ, ಕರೆಂಟ್ ಇಳಿದಾಗ ಅದರ ಹಿಡಿತ ತಪ್ಪಿ ಹಿಡಿಕೆ ಬಿದ್ದುಹೋಗುತ್ತದೆ. ಈ ಪ್ರಯೋಗಕ್ಕೆ ಫೋರ್ ಪಾಯಿಂಟ್ ಸ್ಟಾರ್ಟರ್ ಸರಿ, ಅದರಲ್ಲಿ ಕಾಯಿಲ್‌ಗೆ ಬೇರೆಯೇ ದಾರಿ ಇದೆ.

1500ಕ್ಕಿಂತ ಕೆಳಗೆ ಬೇಕಾದಾಗ

ಅದೇ ಪೂರ್ಣ ಟಾರ್ಕ್‌ನಲ್ಲಿ 1000 ಆರ್‌ಪಿಎಂ ಬೇಕು ಎನ್ನಿ. ಫ್ಲಕ್ಸ್ ಬದಲಿಸದಿದ್ದರೆ ಬ್ಯಾಕ್ ಇಎಂಎಫ್ 133.3 ವೋಲ್ಟ್ ಆಗಬೇಕು, ಉಳಿದ 86.7 ವೋಲ್ಟ್ ಎಲ್ಲೋ ಬೀಳಬೇಕು. 20 ಆಂಪಿಯರ್‌ಗೆ ಇದು 4.33 ಓಮ್, ಅಂದರೆ ಹೊರಗಿನಿಂದ 3.33 ಓಮ್ ಸೇರಿಸಬೇಕು. ಆ ರೆಸಿಸ್ಟೆನ್ಸ್‌ನಲ್ಲಿ 1330 ವ್ಯಾಟ್ ಸುಮ್ಮನೆ ಶಾಖವಾಗುತ್ತದೆ. ಇದು ಎಲ್ಲರೂ ಬರೆಯುವ ದೋಷ. ನಮ್ಮ ಲೆಕ್ಕಕ್ಕೆ ದೊಡ್ಡ ದೋಷ ಬೇರೆ: ಈಗ ಲೋಡ್ ತೆಗೆಯಿರಿ. 1.5 ಆಂಪಿಯರ್‌ಗೆ ಬೀಳುವುದು ಆರೂವರೆ ವೋಲ್ಟ್ ಮಾತ್ರ, ವೇಗ ಮತ್ತೆ 1600ಕ್ಕೆ ಓಡುತ್ತದೆ. ರೆಸಿಸ್ಟೆನ್ಸ್ ಹಾಕಿ ವೇಗ ಇಳಿಸುವುದು ಲೋಡಿನ ಮರ್ಜಿಯಲ್ಲಿದೆ. ಫ್ಯಾನಿನಂಥ ಬದಲಾಗದ ಲೋಡಿಗೆ ನಡೆಯುತ್ತದೆ, ಲೇತ್‌ಗೆ ನಡೆಯುವುದಿಲ್ಲ.

ಅದೇ 1000 ಆರ್‌ಪಿಎಂಗೆ ಆರ್ಮೇಚರಿನ ವೋಲ್ಟೇಜನ್ನೇ 153.3ಕ್ಕೆ ಇಳಿಸಿದರೆ, ಲೋಡ್ ತೆಗೆದ ಮೇಲೆ ವೇಗ ಸುಮಾರು 1139 ಮಾತ್ರ. 1600ಕ್ಕೂ ಇದಕ್ಕೂ ಇರುವ ಅಂತರ ನೋಡಿ. ಹಿಂದೆ ಇದಕ್ಕೆ ಬೇರೆ ಮೋಟರ್, ಬೇರೆ ಜನರೇಟರ್ ಇಟ್ಟು ವಾರ್ಡ್ ಲಿಯೊನಾರ್ಡ್ ಪದ್ಧತಿ ಮಾಡುತ್ತಿದ್ದರು. ಈಗ ಚಾಪರ್ ಇದೆ: 220 ವೋಲ್ಟ್‌ನಿಂದ 153.3 ಸರಾಸರಿ ಬರಲು ಪ್ರತಿ ಚಕ್ರದ ಸುಮಾರು 70 ಶೇಕಡಾ ಹೊತ್ತು ಸ್ವಿಚ್ ಆನ್ ಇದ್ದರೆ ಸಾಕು.

ಇಲ್ಲಿ ಪದೇ ಪದೇ ಆಗುವ ತಪ್ಪೊಂದಿದೆ. ಶಂಟ್ ಸಂಪರ್ಕ ಬಿಚ್ಚದೆ ಇಡೀ ಮೋಟರಿನ ವೋಲ್ಟೇಜ್ ಇಳಿಸುತ್ತಾರೆ, ವೇಗ ಹೆಚ್ಚೇನೂ ಇಳಿಯದ್ದು ಕಂಡು ಚಾಪರ್ ಹಾಳಾಗಿದೆ ಎನ್ನುತ್ತಾರೆ. ವೋಲ್ಟೇಜ್ ಇಳಿದಂತೆ ಫೀಲ್ಡ್ ಕರೆಂಟೂ ಇಳಿದಿದೆ, ಅಂಶವೂ ಛೇದವೂ ಒಟ್ಟಿಗೆ ಕುಗ್ಗಿವೆ. ಅದರ ಮೇಲೆ ಕುಗ್ಗಿದ ಫ್ಲಕ್ಸ್‌ನಿಂದ ಅದೇ ಟಾರ್ಕ್ ಬರಲು ಆರ್ಮೇಚರ್ ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ. ಫೀಲ್ಡಿನ ಎರಡು ತುದಿಗಳನ್ನು ಬಿಚ್ಚಿ ಸ್ಥಿರವಾದ 220 ವೋಲ್ಟ್ ಡಿಸಿಗೆ ಕೊಡಿ, ಮೊದಲು ಫೀಲ್ಡ್ ಸ್ವಿಚ್ ಹಾಕಿ ಅಮ್ಮೀಟರ್‌ನಲ್ಲಿ 1 ಆಂಪಿಯರ್ ಕಂಡ ಮೇಲೆ ಆರ್ಮೇಚರಿಗೆ ವೋಲ್ಟೇಜ್ ಏರಿಸುತ್ತ ಬನ್ನಿ. ನಿಲ್ಲಿಸುವಾಗ ಮೊದಲು ಆರ್ಮೇಚರ್, ಆಮೇಲೆ ಫೀಲ್ಡ್.