ಕೊಲೆಸ್ಟ್ರಾಲ್ ಮಾತ್ರೆ: ಗಂಡನಿಗೆ ಬೇಕು, ಹೆಂಡತಿಗೆ ಬೇಡವೇ?

ಸಕ್ಕರೆ ಕಾಯಿಲೆ ಇದ್ದು ವಯಸ್ಸು ನಲವತ್ತು ದಾಟಿದವರಿಗೆ, ರಕ್ತದಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಹೆಚ್ಚಿರಲಿ ಬಿಡಲಿ, ಅದನ್ನು ಇಳಿಸುವ ಸ್ಟ್ಯಾಟಿನ್ ಮಾತ್ರೆ ಕೊಡಬೇಕೆಂದು ಇಂದಿನ ಪ್ರಮುಖ ಚಿಕಿತ್ಸಾ ಮಾರ್ಗಸೂಚಿಗಳು ಹೇಳುತ್ತವೆ. ಈ ಸಲಹೆಯಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲ. ಆದರೆ ಚೀಟಿ ಬರೆಯುವಾಗ, ಮಾತ್ರೆ ನುಂಗುವಾಗ ಆ ಭೇದ ಬಂದುಬಿಡುತ್ತದೆ. 2019ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ರೋಗಿ ನೋಂದಣಿಯ ಅಧ್ಯಯನದಲ್ಲಿ, ಸ್ಟ್ಯಾಟಿನ್ ಬೇಕೆಂದು ಮಾರ್ಗಸೂಚಿಯೇ ಹೇಳಿದ್ದ ಪುರುಷರಲ್ಲಿ ನೂರಕ್ಕೆ 78 ಮಂದಿ ಅದನ್ನು ತೆಗೆದುಕೊಳ್ಳುತ್ತಿದ್ದರೆ, ಮಹಿಳೆಯರಲ್ಲಿ 67 ಮಂದಿ ಮಾತ್ರ ತೆಗೆದುಕೊಳ್ಳುತ್ತಿದ್ದರು. ಮಾತ್ರೆಯನ್ನು ನಿರಾಕರಿಸಿದವರು, ನಡುವೆ ಬಿಟ್ಟವರು ಮಹಿಳೆಯರಲ್ಲೇ ಹೆಚ್ಚು. ಅಷ್ಟೇ ಅಲ್ಲ, ವೈದ್ಯರು ಈ ಮಾತ್ರೆಯ ಪ್ರಸ್ತಾಪವನ್ನೇ ಮಾಡಲಿಲ್ಲ ಎಂದವರೂ ಅವರಲ್ಲೇ ಹೆಚ್ಚಿದ್ದರು. ಹಾಗಾಗಿ ಇದನ್ನು ಹೆಂಗಸರ ಹಿಂಜರಿಕೆ ಎಂದಷ್ಟೇ ಕರೆಯುವುದು ನನಗೆ ನ್ಯಾಯವೆನಿಸುವುದಿಲ್ಲ. ಅದರಲ್ಲಿ ನಮ್ಮಂಥ ವೈದ್ಯರ ಪಾಲೂ ಇದೆ.

ನಮ್ಮ ಹೊರರೋಗಿ ವಿಭಾಗದಲ್ಲಿ ಪದೇ ಪದೇ ಕಾಣುವ ಚಿತ್ರವನ್ನು ಒಬ್ಬ ಮಹಿಳೆಯ ಉದಾಹರಣೆಯಾಗಿ ಇಲ್ಲಿ ಕೊಡುತ್ತೇನೆ. ವಯಸ್ಸು 57. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ರಕ್ತದೊತ್ತಡ. ಗಂಡನಿಗೆ ಸ್ಟೆಂಟ್ ಹಾಕಿದೆ. ಅವರ ರಾತ್ರಿಯ ಮಾತ್ರೆಯನ್ನು ಒಂದು ದಿನವೂ ತಪ್ಪದಂತೆ ತೆಗೆದುಕೊಡುವವರು ಇವರೇ. ತಮಗೆ ಬರೆದುಕೊಟ್ಟಿದ್ದ ಸ್ಟ್ಯಾಟಿನ್ ಮಾತ್ರೆ, ಅಟೊರ್ವಾಸ್ಟ್ಯಾಟಿನ್ 20 ಮಿಲಿಗ್ರಾಂ ಅನ್ನು ಮಾತ್ರ ನಾಲ್ಕು ತಿಂಗಳ ಹಿಂದೆ ಬಿಟ್ಟಿದ್ದರು. “ರಿಪೋರ್ಟ್ ನಾರ್ಮಲ್ ಬಂತು ಡಾಕ್ಟ್ರೇ, ಕಾಲೂ ನೋಯ್ತಿತ್ತು. ಒಮ್ಮೆ ಶುರು ಮಾಡಿದ್ರೆ ಸಾಯೋವರೆಗೂ ನುಂಗಬೇಕಂತೆ, ಯಾಕೆ ಬೇಕು ಅಂತ ಬಿಟ್ಟೆ. ಹಾರ್ಟ್ ಪ್ರಾಬ್ಲಮ್ ಇರೋದು ನಮ್ಮೆಜಮಾನರಿಗೆ, ನನಗಲ್ವಲ್ಲ” ಎಂದರು. ಈ ಮಾತಿನಲ್ಲಿರುವ ಮೂರು ಕಾರಣಗಳನ್ನೂ ಬೇರೆ ಬೇರೆಯಾಗಿ ನೋಡಬೇಕು.

ಹೃದಯದ ಕಾಯಿಲೆ ಗಂಡಸರದ್ದು ಎಂಬ ಭಾವನೆಗೆ ಒಂದು ಆಧಾರವಿದೆ. ಮುಟ್ಟು ನಿಲ್ಲುವವರೆಗೆ ಮಹಿಳೆಯರಿಗೆ ಒಂದಿಷ್ಟು ರಕ್ಷಣೆ ಇರುತ್ತದೆ. ಹೃದಯಾಘಾತ ಅವರಿಗೆ ಸಾಮಾನ್ಯವಾಗಿ ಪುರುಷರಿಗಿಂತ ಸುಮಾರು ಹತ್ತು ವರ್ಷ ತಡವಾಗಿ ಬರುತ್ತದೆ. ಆದರೆ ಮುಟ್ಟು ನಿಲ್ಲುವ ಆಸುಪಾಸಿನಲ್ಲಿ ಎಲ್‌ಡಿಎಲ್ ಏರುತ್ತದೆ, ಮತ್ತು ಸಕ್ಕರೆ ಕಾಯಿಲೆ ಆ ರಕ್ಷಣೆಯನ್ನು ಬಹುಪಾಲು ಅಳಿಸಿಹಾಕುತ್ತದೆ. ಇವರಲ್ಲಿ ಇನ್ನೊಂದು ಸುಳಿವೂ ಇತ್ತು. ಎರಡನೆಯ ಬಸಿರಿನಲ್ಲಿ ಸಕ್ಕರೆ ಏರಿ ಇನ್ಸುಲಿನ್ ಕೊಟ್ಟಿದ್ದರು. ಆ ವಿಷಯವನ್ನು ಅವರಾಗಿಯೇ ಹೇಳಲಿಲ್ಲ, ಹೆರಿಗೆಯ ಕಥೆಗೂ ಹೃದಯಕ್ಕೂ ಸಂಬಂಧವಿದೆಯೆಂದು ಅವರಿಗೆ ಯಾರೂ ತಿಳಿಸಿರಲಿಲ್ಲ. ಬಸಿರಿನಲ್ಲಿ ಏರಿದ ರಕ್ತದೊತ್ತಡ ಅಥವಾ ಸಕ್ಕರೆ, ನಲವತ್ತಕ್ಕೂ ಮೊದಲೇ ನಿಂತ ಮುಟ್ಟು, ಇವೆಲ್ಲ ಮುಂದಿನ ಹೃದಯರೋಗದ ಅಪಾಯವನ್ನು ಹೆಚ್ಚಿಸುತ್ತವೆ. ಮಧ್ಯವಯಸ್ಸಿನ ಮಹಿಳೆಯನ್ನು ಪರೀಕ್ಷಿಸುವಾಗ ವೈದ್ಯರು ಇವನ್ನು ಕೇಳಲೇಬೇಕು, ಕೇಳದಿದ್ದರೆ ಮಹಿಳೆಯರೇ ಹೇಳಬೇಕು.

“ರಿಪೋರ್ಟ್ ನಾರ್ಮಲ್” ಎಂಬುದು ಎರಡನೆಯ ಕಾರಣ. ಮಾತ್ರೆ ನುಂಗುತ್ತಿದ್ದಾಗ ಇವರ ಎಲ್‌ಡಿಎಲ್ 76 ಇತ್ತು. ಬಿಟ್ಟು ನಾಲ್ಕು ತಿಂಗಳಿಗೆ 138. ಸ್ಟ್ಯಾಟಿನ್ ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಿಕೆಯನ್ನು ತಗ್ಗಿಸುತ್ತದೆ, ಆಗ ಯಕೃತ್ತು ರಕ್ತದಿಂದ ಹೆಚ್ಚು ಎಲ್‌ಡಿಎಲ್ ಅನ್ನು ಎಳೆದುಕೊಳ್ಳುತ್ತದೆ. ಮಾತ್ರೆ ನಿಂತ ಕೆಲವೇ ವಾರಗಳಲ್ಲಿ ಎಲ್ಲವೂ ಹಳೆಯ ಮಟ್ಟಕ್ಕೆ ಮರಳುತ್ತದೆ. ಬಿಟ್ಟರೆ ಏರುವುದನ್ನು ಕಂಡು ‘ದೇಹ ಮಾತ್ರೆಗೆ ಒಗ್ಗಿಹೋಗಿದೆ’ ಎಂದು ಹೆದರುವವರಿದ್ದಾರೆ. ಇದು ಚಟವಲ್ಲ, ದೇಹ ತನ್ನ ಮೊದಲಿನ ಸ್ಥಿತಿಗೆ ಹೋಗುವುದಷ್ಟೇ. ಲ್ಯಾಬ್‌ನವರು ಅಚ್ಚುಹಾಕಿರುವ ಮಿತಿ ಎಲ್ಲರಿಗೂ ಒಂದೇ. ಆದರೆ ಸಕ್ಕರೆ ಮತ್ತು ರಕ್ತದೊತ್ತಡ ಎರಡೂ ಇರುವ ಈ ವಯಸ್ಸಿನವರಿಗೆ ಎಲ್‌ಡಿಎಲ್ 70ಕ್ಕಿಂತ ಕೆಳಗಿರಬೇಕು.

ಮಾತ್ರೆ ಹೆಂಗಸರಿಗೆ ಕೆಲಸ ಮಾಡುತ್ತದೆಯೇ ಎಂಬ ಸಂಶಯ ಬಹುಕಾಲ ಇತ್ತು, ಏಕೆಂದರೆ ಹಳೆಯ ಪ್ರಯೋಗಗಳಲ್ಲಿ ಮಹಿಳೆಯರ ಸಂಖ್ಯೆ ಕಡಿಮೆಯಿತ್ತು. 2015ರಲ್ಲಿ 27 ಪ್ರಯೋಗಗಳ ಸುಮಾರು 1,74,000 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಒಂದೇ ಮಟ್ಟದ ಅಪಾಯವಿರುವ ಸ್ತ್ರೀ ಪುರುಷರಿಗೆ ಸಿಗುವ ಪ್ರಯೋಜನ ಹೆಚ್ಚುಕಡಿಮೆ ಸಮನಾಗಿದೆಯೆಂದು ಕಂಡುಬಂತು.

ಉಳಿದದ್ದು ಕಾಲುನೋವು, ಮತ್ತು ಇದಕ್ಕೇ ಹೆಚ್ಚು ಸಮಯ ಕೊಡಬೇಕು. ‘ಅದೆಲ್ಲ ನಿಮ್ಮ ಭ್ರಮೆ’ ಎಂದು ತಳ್ಳಿಹಾಕಿದರೆ ಆ ಮಹಿಳೆ ಮತ್ತೆ ಬರುವುದಿಲ್ಲ, ಮಾತ್ರೆಯನ್ನೂ ಮುಟ್ಟುವುದಿಲ್ಲ. ಸ್ಟ್ಯಾಟಿನ್‌ನಿಂದ ಸ್ನಾಯುನೋವು ಬರುವುದು ನಿಜ, ಆದರೆ ಅದಕ್ಕೊಂದು ಲಕ್ಷಣವಿದೆ. ಸಾಮಾನ್ಯವಾಗಿ ಅದು ಎರಡೂ ಕಡೆ, ತೊಡೆ, ಸೊಂಟ, ಹೆಗಲು, ಮೀನಖಂಡದಂತಹ ದೊಡ್ಡ ಸ್ನಾಯುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮಾತ್ರೆ ಆರಂಭಿಸಿದ ಅಥವಾ ಪ್ರಮಾಣ ಹೆಚ್ಚಿಸಿದ ಕೆಲವು ವಾರಗಳಲ್ಲಿ ಶುರುವಾಗುತ್ತದೆ. ನಿಲ್ಲಿಸಿದರೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಪ್ರಯೋಗಗಳಲ್ಲಿ ಬಣ್ಣ, ಆಕಾರ ಒಂದೇ ಇರುವ ಔಷಧವಿಲ್ಲದ ಮಾತ್ರೆ ನುಂಗಿದವರಲ್ಲೂ ಸ್ನಾಯುನೋವು ಬಹುತೇಕ ಅಷ್ಟೇ ಪ್ರಮಾಣದಲ್ಲಿತ್ತು. ಅಂಥ ಪ್ರಯೋಗಗಳನ್ನು ಒಗ್ಗೂಡಿಸಿದ 2022ರ ವಿಶ್ಲೇಷಣೆಯ ಪ್ರಕಾರ, ಸ್ಟ್ಯಾಟಿನ್ ತೆಗೆದುಕೊಳ್ಳುವವರು ಹೇಳುವ ಸ್ನಾಯುನೋವುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚಿನವಕ್ಕೆ ಮಾತ್ರೆ ಕಾರಣವಲ್ಲ. ನೋವು ಸುಳ್ಳೆಂದು ಇದರ ಅರ್ಥವಲ್ಲ. ಅದರ ಮೂಲವನ್ನು ಬೇರೆಡೆ ಹುಡುಕಬೇಕು.

ಇವರನ್ನು ಮೊದಲು ಕೇಳಿದ್ದು, ಮಾತ್ರೆ ಬಿಟ್ಟ ಮೇಲೆ ನೋವು ಹೋಯಿತೇ ಎಂದು. ಹೋಗಿರಲಿಲ್ಲ, ನಾಲ್ಕು ತಿಂಗಳಾದರೂ ಹಾಗೆಯೇ ಇತ್ತು. ಬಲ ಮಂಡಿಯಲ್ಲಿ ಮೆಟ್ಟಿಲಿಳಿಯುವಾಗ ನೋವು, ಜೊತೆಗೆ ಮೈಯೆಲ್ಲ ಭಾರ, ಸುಸ್ತು. ಸ್ನಾಯುಹಾನಿಯನ್ನು ತೋರಿಸುವ ಸಿಕೆ ಪರೀಕ್ಷೆ ಸರಿಯಾಗಿತ್ತು. ಥೈರಾಯ್ಡ್ ಕೆಲಸ ತಗ್ಗಿದಾಗ ಏರುವ ಟಿಎಸ್‌ಎಚ್ ಮಾತ್ರ 14 ಇತ್ತು: ಥೈರಾಯ್ಡ್ ಕುಂಠಿತವಾಗಿತ್ತು. ಮಹಿಳೆಯರಲ್ಲಿ ಹೆಚ್ಚಾಗಿ ಕಾಣುವ ಈ ತೊಂದರೆ ತಾನೇ ಮೈಕೈ ನೋವು ತರುತ್ತದೆ, ತಾನೇ ಎಲ್‌ಡಿಎಲ್ ಏರಿಸುತ್ತದೆ, ಚಿಕಿತ್ಸೆ ಮಾಡದಿದ್ದರೆ ಸ್ಟ್ಯಾಟಿನ್‌ನಿಂದಾಗುವ ಸ್ನಾಯು ತೊಂದರೆಗೂ ದಾರಿ ಮಾಡಿಕೊಡುತ್ತದೆ. ಹೀಗಾಗಿ ಸ್ಟ್ಯಾಟಿನ್‌ಗೆ ಮೊದಲು ಥೈರಾಯ್ಡ್ ಮಾತ್ರೆ ಶುರುವಾಯಿತು, ಮಂಡಿಗೆ ವ್ಯಾಯಾಮ ಹೇಳಿದೆವು. ಮೂರು ತಿಂಗಳಲ್ಲಿ ಟಿಎಸ್‌ಎಚ್ ಸರಿಯಾಗಿ, ಎಲ್‌ಡಿಎಲ್ 122ಕ್ಕೆ ಇಳಿಯಿತು. ಆಮೇಲೆ ಇನ್ನೊಂದು ಸ್ಟ್ಯಾಟಿನ್ ಆದ ರೊಸುವಾಸ್ಟ್ಯಾಟಿನ್ 5 ಮಿಲಿಗ್ರಾಂ ಆರಂಭಿಸಿ, ಆರು ವಾರದ ಬಳಿಕ ನೋವಿಲ್ಲದ್ದನ್ನು ಕಂಡು 10ಕ್ಕೆ ಏರಿಸಿದೆವು. ಎಲ್‌ಡಿಎಲ್ 67ಕ್ಕೆ ಬಂದು ನಿಂತಿತು. ಒಂದು ವೇಳೆ ನೋವು ಮರಳಿದ್ದರೆ ಬೇರೆ ಸ್ಟ್ಯಾಟಿನ್, ಕಡಿಮೆ ಪ್ರಮಾಣ, ದಿನ ಬಿಟ್ಟು ದಿನ ಕೊಡುವುದು, ಕೊಲೆಸ್ಟ್ರಾಲ್ ಇಳಿಸುವ ಬೇರೆ ಬಗೆಯ ಮಾತ್ರೆಯಾದ ಎಜೆಟಿಮೈಬ್ ಸೇರಿಸುವುದು, ಇಷ್ಟು ದಾರಿಗಳು ಇದ್ದವು.

ಈ ಮಾತ್ರೆಯಿಂದ ಸಕ್ಕರೆ ತುಸು ಏರಬಹುದು, ಅದನ್ನು ಮುಚ್ಚಿಡಬಾರದು. ಆದರೆ ತಪ್ಪುವ ಹೃದಯಾಘಾತಗಳ ಮುಂದೆ ಈ ಏರಿಕೆ ಚಿಕ್ಕದು. ಕಿಡ್ನಿ ಹಾಳಾಗುತ್ತದೆ ಎಂಬ ಭಯಕ್ಕೆ ಸಾಮಾನ್ಯ ಪ್ರಮಾಣದಲ್ಲಿ ಆಧಾರವಿಲ್ಲ. ಹಾಗೆಂದು ಎಲ್‌ಡಿಎಲ್ ಸ್ವಲ್ಪ ಹೆಚ್ಚಿರುವ, ಬೇರೆ ಯಾವ ಅಪಾಯವೂ ಇಲ್ಲದ ಮೂವತ್ತೈದರ ಮಹಿಳೆಗೂ ಈ ಮಾತ್ರೆ ಬೇಕೆಂದಲ್ಲ. ಬಸಿರಾಗಲು ಯೋಚಿಸುತ್ತಿರುವವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು, ಹೆಚ್ಚಿನವರಿಗೆ ಬಸಿರು ಮತ್ತು ಎದೆಹಾಲು ಕೊಡುವ ಅವಧಿಯಲ್ಲಿ ಸ್ಟ್ಯಾಟಿನ್ ನಿಲ್ಲಿಸುತ್ತೇವೆ. ಮಾತ್ರೆ ತೆಗೆದುಕೊಳ್ಳುವ ಯಾರಿಗೇ ಆಗಲಿ, ಎರಡೂ ತೊಡೆಗಳಲ್ಲಿ ಶಕ್ತಿ ಕುಗ್ಗಿ ಕುಳಿತಲ್ಲಿಂದ ಏಳಲಾಗದಿದ್ದರೆ ಅಥವಾ ಮೂತ್ರ ಕಡುಗಂದು ಬಣ್ಣಕ್ಕೆ ತಿರುಗಿದರೆ, ಅದು ಬಹಳ ಅಪರೂಪವಾದರೂ, ಆ ದಿನವೇ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಬರಬೇಕು.